ತಿರುಗುವ ತೊಟ್ಟಿಯೊಳಗಿನ ನೀರು: ಗುಳಿ ಯಾಕೆ ಬೀಳುತ್ತದೆ, ಒತ್ತಡ ಎಲ್ಲಿ ಏರುತ್ತದೆ

ನನ್ನ ಅಕ್ಕನ ಮಗಳು ಎಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದಾಳೆ. ಪರೀಕ್ಷೆ ಹತ್ತಿರ ಬಂದಾಗ ಒಂದು ರಾತ್ರಿ ಫೋನ್ ಮಾಡಿದಳು. "ಮಾಮ, ತೊಟ್ಟಿ ತಿರುಗಿದ್ರೆ ನೀರು ಗೋಡೆ ಹತ್ರ ಮೇಲೇರುತ್ತೆ. ಮೇಲೇರಿದ್ದಕ್ಕೆ ಅಲ್ಲಿ ಒತ್ತಡ ಜಾಸ್ತಿ. ಅಷ್ಟು ಗೊತ್ತಾಯ್ತು. ಆದ್ರೆ ತೊಟ್ಟಿ ಪೂರ್ತಿ ತುಂಬಿ ಮುಚ್ಚಳ ಬಿಗಿದ್ರೆ? ಏರೋಕೆ ಜಾಗವೇ ಇಲ್ಲ. ಆಗ ಒತ್ತಡ ಬದಲಾಗಲ್ಲ ಅಲ್ವಾ?"

ಕೇಳಿದರೆ ಸರಿ ಅನ್ನಿಸುವ ಮಾತು. ಆದರೆ ಉತ್ತರ 'ಬದಲಾಗುತ್ತದೆ' ಎಂದು. ಅಷ್ಟೇ ಅಲ್ಲ, ಆ ಮುಚ್ಚಳದ ಬೋಲ್ಟುಗಳು ಎಷ್ಟು ಗಟ್ಟಿ ಇರಬೇಕು ಅನ್ನೋದೂ ಅದರ ಮೇಲೇ ನಿಂತಿದೆ. ಅವಳಿಗೆ ಫೋನಿನಲ್ಲಿ ಅರ್ಧಂಬರ್ಧ ಹೇಳಿದ್ದನ್ನು ಇಲ್ಲಿ ಮೊದಲಿನಿಂದ ಹೇಳುತ್ತೇನೆ.

## 'ಸ್ಥಿರವಾಗಿ ತಿರುಗುವುದು' ಎಂದರೆ

ಒಂದು ಉರುಟು ತೊಟ್ಟಿ. ಅದರ ನಟ್ಟನಡುವೆ ನೆಟ್ಟಗೆ ನಿಂತ ಒಂದು ಗೆರೆಯನ್ನು ಊಹಿಸಿಕೊಳ್ಳಿ. ಅದೇ ಅಕ್ಷ. ತೊಟ್ಟಿ ಆ ಅಕ್ಷದ ಸುತ್ತ ಒಂದೇ ವೇಗದಲ್ಲಿ ತಿರುಗುತ್ತಿದೆ. ಒಳಗಿರುವ ನೀರು ಗಾಳಿಗೆ ತೆರೆದುಕೊಂಡಿರುವ ಮೇಲ್ಭಾಗಕ್ಕೆ ಮುಕ್ತ ಮೇಲ್ಮೈ ಎನ್ನುತ್ತಾರೆ. 'ಮುಕ್ತ' ಯಾಕೆಂದರೆ, ಅದಕ್ಕೆ ಗಟ್ಟಿಯಾದ ಹೊದಿಕೆ ಇಲ್ಲ, ಬೇಕಾದ ಆಕಾರ ತಾಳಬಹುದು.

ತೊಟ್ಟಿಯನ್ನು ತಿರುಗಿಸಿದ ತಕ್ಷಣ ನೀರು ತಿರುಗುವುದಿಲ್ಲ. ಮೊದಲು ಗೋಡೆ ಮತ್ತು ತಳಕ್ಕೆ ಅಂಟಿದ ತೆಳು ಪದರ ಮಾತ್ರ ತೊಟ್ಟಿಯ ಜೊತೆ ಹೊರಡುತ್ತದೆ. ನಡುವಿನ ನೀರು ಸುಮ್ನೆ ನಿಂತಿರುತ್ತದೆ, ಮೇಲ್ಮೈ ಸಪಾಟಾಗಿಯೇ ಇರುತ್ತದೆ. ನ್ಯೂಟನ್ ತನ್ನ 1687ರ 'ಪ್ರಿನ್ಸಿಪಿಯಾ'ದಲ್ಲಿ ಹೇಳಿದ ಬಕೆಟ್ ಪ್ರಯೋಗ ಇದೇ. ಹುರಿ ಹಾಕಿದ ಹಗ್ಗಕ್ಕೆ ತೂಗುಬಿಟ್ಟ ಬಕೆಟ್ ತಿರುಗಲು ಶುರುವಾದಾಗ ನೀರು ಸಪಾಟು. ನೀರೂ ತಿರುಗಲು ಹತ್ತಿದ ಮೇಲೆ ನಡುವೆ ಗುಳಿ. ಅಂದರೆ ಗುಳಿಗೆ ಕಾರಣ ಬಕೆಟ್ ತಿರುಗುವುದಲ್ಲ, ನೀರು ತಿರುಗುವುದು.

ಸ್ವಲ್ಪ ಹೊತ್ತಾದ ಮೇಲೆ ಎಲ್ಲ ನೀರೂ ತೊಟ್ಟಿಯ ವೇಗವನ್ನೇ ಹಿಡಿಯುತ್ತದೆ. ಆಗ ನೀರಿನ ಒಂದು ಕಣಕ್ಕೂ ಪಕ್ಕದ ಕಣಕ್ಕೂ ನಡುವೆ ಜಾರಾಟವೇ ಇಲ್ಲ. ಇಡೀ ನೀರು ಹೆಪ್ಪುಗಟ್ಟಿದ ಮಂಜುಗಡ್ಡೆಯ ಹಾಗೆ ಒಂದೇ ತುಂಡಾಗಿ ತಿರುಗುತ್ತದೆ. ಇದೇ ಸ್ಥಿರ ಸ್ಥಿತಿ. ಜಾರಾಟ ಇಲ್ಲದ್ದರಿಂದ ಒಳಗಿನ ತಿಕ್ಕಾಟವೂ ಇಲ್ಲ. ಎಣ್ಣೆ ಎಷ್ಟೇ ಮಂದವಾಗಿರಲಿ, ನೀರು ಎಷ್ಟೇ ತೆಳುವಾಗಿರಲಿ, ಇಲ್ಲಿಂದ ಮುಂದೆ ಲೆಕ್ಕ ಒಂದೇ. ಇನ್ನು ಮುಂದೆ ಹೇಳುವುದೆಲ್ಲ ಈ ಸ್ಥಿತಿಗೆ ಮಾತ್ರ ಅನ್ವಯ. ಲೋಟದಲ್ಲಿ ಚಮಚ ಹಾಕಿ ಗರಗರ ತಿರುಗಿಸಿದಾಗ ಬೀಳುವ ಸುಳಿಗೆ ಇದು ಹೊಂದುವುದಿಲ್ಲ. ಅಲ್ಲಿ ಲೋಟ ನಿಂತೇ ಇರುತ್ತದೆ, ಗೋಡೆಯ ಹತ್ತಿರದ ನೀರೂ ನಿಂತಿರುತ್ತದೆ.

## ಮೇಲ್ಮೈ ಓರೆಯಾಗುವುದು ಯಾಕೆ

ವೃತ್ತದಲ್ಲಿ ಓಡುವ ಯಾವುದೇ ವಸ್ತುವನ್ನು ಯಾರಾದರೂ ಒಳಕ್ಕೆ ತಳ್ಳುತ್ತಲೇ ಇರಬೇಕು. ಇಲ್ಲದಿದ್ದರೆ ಅದು ನೇರವಾಗಿ ಹೋಗಿಬಿಡುತ್ತದೆ. ದಾರಕ್ಕೆ ಕಲ್ಲು ಕಟ್ಟಿ ಬೀಸಿದಾಗ ಆ ಕೆಲಸ ದಾರದ್ದು. ತೊಟ್ಟಿಯಲ್ಲಿರುವ ನೀರಿನ ಹನಿಗೆ ದಾರ ಇಲ್ಲ. ಅದನ್ನು ಒಳಕ್ಕೆ ತಳ್ಳಬೇಕಾದದ್ದು ಅದರ ಹೊರಗಡೆ ಇರುವ ನೀರೇ.

ಹೊರಗಡೆಯ ನೀರು ಒಳಗಡೆಯ ನೀರಿಗಿಂತ ಜಾಸ್ತಿ ಒತ್ತಿದರೆ ಮಾತ್ರ ಹನಿ ಒಳಕ್ಕೆ ತಳ್ಳಿಸಿಕೊಳ್ಳುತ್ತದೆ. ಆದ್ದರಿಂದ ತಿರುಗುವ ನೀರಿನಲ್ಲಿ ಅಕ್ಷದಿಂದ ಗೋಡೆಯ ಕಡೆಗೆ ಹೋದ ಹಾಗೆ ಒತ್ತಡ ಏರಲೇಬೇಕು. ಇದಕ್ಕೆ ಬೇರೆ ದಾರಿ ಇಲ್ಲ. ನನ್ನ ಅಕ್ಕನ ಮಗಳು ತಲೆಕೆಳಗು ಮಾಡಿಕೊಂಡಿದ್ದು ಇಲ್ಲೇ. ನೀರು ಏರಿದ್ದರಿಂದ ಒತ್ತಡ ಬಂದದ್ದಲ್ಲ. ನೀರನ್ನು ವೃತ್ತದಲ್ಲಿ ಹಿಡಿದಿಡಲು ಒತ್ತಡ ಬೇಕು. ತೆರೆದ ತೊಟ್ಟಿಯಲ್ಲಿ ಆ ಒತ್ತಡ ಒದಗಿಸಲು ನೀರಿಗೆ ಇರುವ ಉಪಾಯ ಒಂದೇ, ಗೋಡೆಯ ಕಡೆ ಎತ್ತರಕ್ಕೆ ಪೇರಿಸಿಕೊಳ್ಳುವುದು.

ಎಷ್ಟು ಓರೆ? ಮೇಲ್ಮೈಯ ಮೇಲೆ ಒಂದು ಹನಿಯನ್ನು ನೋಡೋಣ. ಅದರ ಕೆಳಗಿನ ನೀರು ಅದನ್ನು ಮೇಲ್ಮೈಗೆ ಲಂಬವಾಗಿ ತಳ್ಳುತ್ತದೆ. ಆ ಒಂದೇ ತಳ್ಳಾಟ ಎರಡು ಕೆಲಸ ಮಾಡಬೇಕು: ಹನಿಯ ತೂಕವನ್ನು ಹೊರಬೇಕು, ಜೊತೆಗೆ ಹನಿಯನ್ನು ಅಕ್ಷದ ಕಡೆಗೆ ದೂಡಬೇಕು. ಸಪಾಟು ಮೇಲ್ಮೈ ತೂಕವನ್ನು ಮಾತ್ರ ಹೊರಬಲ್ಲದು. ಒಳಕ್ಕೂ ದೂಡಬೇಕಾದರೆ ಮೇಲ್ಮೈ ಓರೆಯಾಗಬೇಕು. ರಸ್ತೆಯ ತಿರುವಿನಲ್ಲಿ ಹೊರ ಅಂಚನ್ನು ಎತ್ತರಿಸಿ ಕಟ್ಟುತ್ತಾರಲ್ಲ, ಅದೇ ಲೆಕ್ಕ.

ತಿರುಗುವ ವೇಗಕ್ಕೆ ω (ಒಮೆಗಾ) ಎನ್ನೋಣ. ಅಕ್ಷದಿಂದ ಹನಿಗಿರುವ ದೂರ r, ಮೀಟರ್‌ಗಳಲ್ಲಿ. ಭೂಮಿಯ ಸೆಳೆತ g, ಅಂದರೆ 9.81. ಒಳಕ್ಕೆ ಬೇಕಾದ ದೂಡುವಿಕೆ ω²r ಗೆ ತಕ್ಕಷ್ಟು, ಮೇಲಕ್ಕೆ ಬೇಕಾದದ್ದು g ಗೆ ತಕ್ಕಷ್ಟು. ಎರಡರ ಅನುಪಾತವೇ ಮೇಲ್ಮೈಯ ಇಳಿಜಾರು:

```
ಇಳಿಜಾರು = ω²r / g
```

ಹನಿಯ ತೂಕ ಎರಡೂ ಕಡೆ ಇದ್ದದ್ದರಿಂದ ಹೊಡೆದುಹೋಯಿತು. ಹಾಗಾಗಿ ದ್ರವ ಯಾವುದು ಅನ್ನೋದು ಈ ಸೂತ್ರದಲ್ಲಿ ಎಲ್ಲೂ ಇಲ್ಲ. ನೀರು, ಎಣ್ಣೆ, ಪಾದರಸ, ಯಾವುದಾದರೂ ಒಂದೇ ವೇಗದಲ್ಲಿ ಒಂದೇ ಆಕಾರ.

## ಇಳಿಜಾರಿನಿಂದ ಬಟ್ಟಲಿಗೆ

ಸೂತ್ರವನ್ನು ಇನ್ನೊಮ್ಮೆ ನೋಡಿ. ಅಕ್ಷದಲ್ಲಿ r ಸೊನ್ನೆ, ಹಾಗಾಗಿ ಅಲ್ಲಿ ಮೇಲ್ಮೈ ಪೂರ್ತಿ ಸಪಾಟು. ಹೊರಗೆ ಹೋದಷ್ಟೂ ಇಳಿಜಾರು ಸಮ ಪ್ರಮಾಣದಲ್ಲಿ ಏರುತ್ತದೆ. ದೂರ ಎರಡು ಪಟ್ಟಾದರೆ ಇಳಿಜಾರೂ ಎರಡು ಪಟ್ಟು.

ಹೀಗೆ ಏರುವ ದಾರಿಯಲ್ಲಿ ನಡೆದರೆ ಒಟ್ಟು ಎಷ್ಟು ಎತ್ತರ ಹತ್ತಿರುತ್ತೇವೆ? ಹೊರಟಾಗ ಇಳಿಜಾರು ಸೊನ್ನೆ, ಮುಟ್ಟಿದಾಗ ω²r/g. ಒಂದೇ ಸಮನೆ ಏರಿದ್ದರಿಂದ ಸರಾಸರಿ ಅದರ ಅರ್ಧ. ಸರಾಸರಿ ಇಳಿಜಾರನ್ನು ನಡೆದ ದೂರ r ನಿಂದ ಗುಣಿಸಿದರೆ ಎತ್ತರ ಸಿಕ್ಕಿತು:

```
z = ω²r² / 2g
```

ಇಲ್ಲಿ z ಎಂದರೆ ಗುಳಿಯ ತಳದಿಂದ ಅಳೆದ ಎತ್ತರ. ಎತ್ತರ r ನ ವರ್ಗಕ್ಕೆ ತಕ್ಕಂತೆ ಏರುವ ಈ ಗೆರೆಗೆ ಪರವಲಯ ಎಂದು ಹೆಸರು. ಅದನ್ನು ಅಕ್ಷದ ಸುತ್ತ ತಿರುಗಿಸಿದರೆ ಬರುವ ಬಟ್ಟಲೇ ನಮ್ಮ ಮೇಲ್ಮೈ.

ಪರವಲಯದ ಬಟ್ಟಲಿಗೆ ಒಂದು ಗುಣ ಇದೆ. ನೇರ ಮೇಲಿನಿಂದ ಬರುವ ಬೆಳಕನ್ನೆಲ್ಲ ಅದು ಒಂದೇ ಬಿಂದುವಿಗೆ ಸೇರಿಸುತ್ತದೆ. ಉತ್ತರಾಖಂಡದ ದೇವಸ್ಥಲದಲ್ಲಿರುವ 4 ಮೀಟರ್ ಅಗಲದ ದ್ರವ ಕನ್ನಡಿ ದೂರದರ್ಶಕ ಇದನ್ನೇ ನೆಚ್ಚಿಕೊಂಡಿದೆ. 2022ರಲ್ಲಿ ಅದು ಮೊದಲ ಬಾರಿ ಆಕಾಶದ ಚಿತ್ರ ತೆಗೆಯಿತು. ಕನ್ನಡಿ ಎಂದರೆ ತಿರುಗುವ ಪಾತ್ರೆಯಲ್ಲಿ ಹರಡಿದ ಕೆಲವೇ ಮಿಲಿಮೀಟರ್ ದಪ್ಪದ ಪಾದರಸ. ಬೆಳಕು ಸೇರುವ ಬಿಂದು ಕನ್ನಡಿಯಿಂದ g/2ω² ದೂರದಲ್ಲಿ ಇರುತ್ತದೆ. ಆ ದೂರ 8 ಮೀಟರ್ ಬೇಕೆಂದರೆ ಪಾತ್ರೆ ಸುಮಾರು 8 ಸೆಕೆಂಡಿಗೆ ಒಂದು ಸುತ್ತು ಹಾಕಬೇಕು. ಆರಾಮಾಗಿ ತಿರುಗುವ ವೇಗ ಅಷ್ಟೇ. ಅಷ್ಟಕ್ಕೇ ಅಂಚು ನಡುವಿಗಿಂತ 12.5 ಸೆಂಟಿಮೀಟರ್ ಮೇಲೆ ಇರುತ್ತದೆ.

## ಏರಿದಷ್ಟೇ ಇಳಿಯುತ್ತದೆ

ಸೂತ್ರ ಬಟ್ಟಲಿನ ಆಕಾರ ಹೇಳಿತು. ಆದರೆ ಆ ಬಟ್ಟಲು ತೊಟ್ಟಿಯಲ್ಲಿ ಎಷ್ಟು ಎತ್ತರದಲ್ಲಿ ಕೂರುತ್ತದೆ ಎಂದು ಹೇಳಲಿಲ್ಲ. ಅದನ್ನು ತೀರ್ಮಾನಿಸುವುದು ಒಂದು ಸಾದಾ ಸಂಗತಿ: ನೀರು ಎಲ್ಲೂ ಹೋಗಿಲ್ಲ, ಮೊದಲಿದ್ದಷ್ಟೇ ಇದೆ.

ಪರವಲಯದ ಬಟ್ಟಲಿನ ಗಾತ್ರ, ಅದು ಸರಿಯಾಗಿ ಕೂರುವ ಡಬ್ಬಿಯ ಗಾತ್ರದ ಸರಿಯಾಗಿ ಅರ್ಧ. ಅಂದರೆ ಬಟ್ಟಲಿನ ತಳದಿಂದ ಅಂಚಿನವರೆಗಿನ ಎತ್ತರದಲ್ಲಿ ಅರ್ಧ ಗಾಳಿ, ಅರ್ಧ ನೀರು. ತೊಟ್ಟಿ ನಿಂತಾಗ ಆ ನೀರು ಸಪಾಟಾಗಿ ಹರಡಿದರೆ ಬಟ್ಟಲಿನ ಎತ್ತರದ ಸರಿ ಅರ್ಧಕ್ಕೆ ಬಂದು ನಿಲ್ಲುತ್ತದೆ. ಹಾಗಾಗಿ ತಿರುಗುವಾಗ ನಡುವೆ ಎಷ್ಟು ಇಳಿಯುತ್ತದೋ ಗೋಡೆಯಲ್ಲಿ ಅಷ್ಟೇ ಏರುತ್ತದೆ. ನೀರು ಚೆಲ್ಲದಿದ್ದರೆ, ಗುಳಿ ತಳವನ್ನು ಮುಟ್ಟದಿದ್ದರೆ, ಈ ಮಾತು ಪಕ್ಕಾ. ಶಂಕುವಿನ ಆಕಾರದ ಗುಳಿ ಆಗಿದ್ದರೆ ಹೀಗೆ ಆಗುತ್ತಿರಲಿಲ್ಲ, ಶಂಕುವಿನ ಗಾತ್ರ ಡಬ್ಬಿಯ ಮೂರನೇ ಒಂದು ಭಾಗ.

ಮೊದಲಿನ ಮಟ್ಟಕ್ಕೆ ಮೇಲ್ಮೈ ಎಲ್ಲಿ ಸಿಗುತ್ತದೆ? ಅಕ್ಷ ಮತ್ತು ಗೋಡೆಯ ನಟ್ಟನಡುವೆ ಅಲ್ಲ. ಅಕ್ಷದಿಂದ ತ್ರಿಜ್ಯದ ಸುಮಾರು 71 ಶೇಕಡಾ ದೂರದಲ್ಲಿ. ಈ ಉಂಗುರವನ್ನು ನೆನಪಿಟ್ಟುಕೊಳ್ಳಿ, ಒತ್ತಡದ ಲೆಕ್ಕದಲ್ಲಿ ಮತ್ತೆ ಬರುತ್ತದೆ.

## ಒಂದು ತೊಟ್ಟಿಯನ್ನು ತಿರುಗಿಸಿ ನೋಡೋಣ

ತೊಟ್ಟಿಯ ಅಗಲ 30 ಸೆಂಟಿಮೀಟರ್, ಅಂದರೆ ತ್ರಿಜ್ಯ 15. ಎತ್ತರ 50. ಒಳಗೆ 30 ಸೆಂಟಿಮೀಟರ್ ನೀರು, ಅಂದಾಜು 21 ಲೀಟರ್.

ನಿಮಿಷಕ್ಕೆ 60 ಸುತ್ತು ಎಂದರೆ ಸೆಕೆಂಡಿಗೆ ಒಂದು ಸುತ್ತು. ω ವನ್ನು ರೇಡಿಯನ್‌ಗಳಲ್ಲಿ ಹಾಕಬೇಕು, ಒಂದು ಸುತ್ತಿಗೆ 6.28. ಸುತ್ತುಗಳ ಸಂಖ್ಯೆಯನ್ನೇ ನೇರವಾಗಿ ಸೂತ್ರಕ್ಕೆ ಹಾಕಿಬಿಡುವುದು ಇಲ್ಲಿ ಎಲ್ಲರೂ ಮಾಡುವ ತಪ್ಪು. ಸರಿಯಾಗಿ ಹಾಕಿದರೆ ಬಟ್ಟಲಿನ ಆಳ 4.5 ಸೆಂಟಿಮೀಟರ್. ನಡುವೆ 2.3 ಇಳಿದಿದೆ, ಗೋಡೆಯಲ್ಲಿ 2.3 ಏರಿದೆ. ಗೋಡೆಯ ಹತ್ತಿರ ಮೇಲ್ಮೈ ಸುಮಾರು 31 ಡಿಗ್ರಿ ಓರೆ.

ವೇಗ ದುಪ್ಪಟ್ಟು ಮಾಡೋಣ, ನಿಮಿಷಕ್ಕೆ 120. ω ಗೆ ವರ್ಗ ಇರುವುದರಿಂದ ಆಳ ನಾಲ್ಕು ಪಟ್ಟು, 18.1 ಸೆಂಟಿಮೀಟರ್. ನಡುವೆ ಈಗ ನೀರಿನ ಆಳ 30 ರಿಂದ 21ಕ್ಕೆ ಇಳಿದಿದೆ. ಗೋಡೆಯಲ್ಲಿ 39ಕ್ಕೆ ಏರಿದೆ. ಗೋಡೆಯ ಹತ್ತಿರದ ಮೇಲ್ಮೈ 67 ಡಿಗ್ರಿ ದಾಟಿದೆ, ನೋಡಿದರೆ ನೀರು ಗೋಡೆಗೆ ಒರಗಿ ನಿಂತ ಹಾಗೆ ಇರುತ್ತದೆ.

ಇನ್ನೂ ಜಾಸ್ತಿ ಮಾಡಿದರೆ? ಗೋಡೆಯಲ್ಲಿ ಇನ್ನು ಉಳಿದಿರುವುದು 11 ಸೆಂಟಿಮೀಟರ್. ನಿಮಿಷಕ್ಕೆ ಸುಮಾರು 178 ಸುತ್ತಿಗೆ ನೀರು ಅಂಚನ್ನು ಮುಟ್ಟುತ್ತದೆ. ಅದರಾಚೆ ಚೆಲ್ಲಲು ಶುರು. ಅಲ್ಲಿಂದ ಮುಂದೆ 'ಏರಿದಷ್ಟೇ ಇಳಿಯುತ್ತದೆ' ಎನ್ನುವ ನಿಯಮ ಮುರಿಯಿತು, ಯಾಕೆಂದರೆ ನೀರು ಕಡಿಮೆಯಾಗುತ್ತಿದೆ. ಈಗ ಅಂಚು ತೊಟ್ಟಿಯ ಬಾಯಿಗೆ ಕಚ್ಚಿಕೊಂಡಿದೆ, ಲೆಕ್ಕವನ್ನು ಅಲ್ಲಿಂದ ಕೆಳಕ್ಕೆ ಮಾಡಬೇಕು. ನಿಮಿಷಕ್ಕೆ 200 ಸುತ್ತಿನ ಹತ್ತಿರ ಬಟ್ಟಲಿನ ಆಳ 50 ಸೆಂಟಿಮೀಟರ್ ಆಗುತ್ತದೆ. ಅಂದರೆ ಗುಳಿಯ ತುದಿ ತೊಟ್ಟಿಯ ತಳವನ್ನು ಮುಟ್ಟಿತು. ಆಗ ಉಳಿದ ನೀರು ಎಷ್ಟು? ಬಟ್ಟಲು ಅಂದರೆ ಡಬ್ಬಿಯ ಅರ್ಧ. ತೊಟ್ಟಿಯನ್ನು ನಿಲ್ಲಿಸಿದರೆ 25 ಸೆಂಟಿಮೀಟರ್ ನೀರು ಇರುತ್ತದೆ. 30 ಇತ್ತು, 5 ಹೋಯಿತು. ಮೂರೂವರೆ ಲೀಟರ್ ನೆಲದ ಮೇಲಿದೆ.

## ಮಾಡಿ ನೋಡಿದಾಗ ಎಡವುವ ಜಾಗ

ನಾನು ಇದನ್ನು 10 ಸೆಂಟಿಮೀಟರ್ ಅಗಲದ ಗಾಜಿನ ಜಾಡಿಯಲ್ಲಿ ನೋಡಿದ್ದೇನೆ. ಮೋಟಾರಿನಿಂದ ತಿರುಗುವ ಒಂದು ಚಪ್ಪಟೆ ತಟ್ಟೆಯ ಮೇಲೆ ಜಾಡಿ ಇಟ್ಟು, ನಿಮಿಷಕ್ಕೆ 120 ಸುತ್ತು. ಸೂತ್ರದ ಪ್ರಕಾರ ಗುಳಿಯ ಆಳ 2 ಸೆಂಟಿಮೀಟರ್ ಬರಬೇಕು. ಮೊದಲ ಸಲ ನೀರು ಒಂದು ಕಡೆ ಎತ್ತರ, ಇನ್ನೊಂದು ಕಡೆ ತಗ್ಗಾಗಿ ನಿಂತಿತ್ತು. ಅಳೆದರೆ ಎರಡು ಬದಿಗೂ 8 ಮಿಲಿಮೀಟರ್ ವ್ಯತ್ಯಾಸ. ಸೂತ್ರವೇ ತಪ್ಪೇನೋ ಅನ್ನಿಸಿಬಿಡುತ್ತದೆ.

ಸೂತ್ರ ತಪ್ಪಿರಲಿಲ್ಲ, ಜಾಡಿ ತಟ್ಟೆಯ ನಡುವಿನಿಂದ ಅರ್ಧ ಸೆಂಟಿಮೀಟರ್ ಸರಿದಿತ್ತು. ನೀರಿಗೆ ಜಾಡಿಯ ನಡು ಮುಖ್ಯವಲ್ಲ, ತಿರುಗುವ ಅಕ್ಷ ಮುಖ್ಯ. ಬಟ್ಟಲು ಅಕ್ಷದ ಸುತ್ತಲೇ ರೂಪುಗೊಳ್ಳುತ್ತದೆ. ಜಾಡಿ ಆ ಬಟ್ಟಲಿನ ಯಾವ ತುಂಡನ್ನು ಹಿಡಿದುಕೊಂಡಿದೆಯೋ ಅದು ಕಾಣುತ್ತದೆ. ಒಂದು ಗೋಡೆ ಅಕ್ಷದಿಂದ 5.5, ಎದುರಿನದು 4.5 ಸೆಂಟಿಮೀಟರ್ ದೂರದಲ್ಲಿ ಇದ್ದರೆ ಎತ್ತರದ ವ್ಯತ್ಯಾಸ ಸರಿಯಾಗಿ 8 ಮಿಲಿಮೀಟರ್. ಗುರುತು ಹಿಡಿಯೋದು ಹೀಗೆ: ಓರೆ ಜಾಡಿಯ ಜೊತೆಗೇ ತಿರುಗುತ್ತಿದ್ದರೆ, ಅಂದರೆ ಯಾವಾಗಲೂ ಜಾಡಿಯ ಅದೇ ಬದಿ ಎತ್ತರವಾಗಿದ್ದರೆ, ಜಾಡಿ ನಡುವಿನಲ್ಲಿ ಇಲ್ಲ. ನೀರು ಜಾಡಿಯೊಳಗೆ ಅತ್ತಿಂದಿತ್ತ ತುಳುಕುತ್ತಿದ್ದರೆ ಅಕ್ಷವೇ ನೆಟ್ಟಗಿಲ್ಲ.

ಇನ್ನೊಂದು ಎಡವಟ್ಟು ಆತುರದ್ದು. ತಿರುಗುವಿಕೆ ನೀರಿನ ಒಳಕ್ಕೆ ಬರೀ ತಿಕ್ಕಾಟದಿಂದ ಹಬ್ಬಬೇಕಿದ್ದರೆ ನಮ್ಮ 30 ಸೆಂಟಿಮೀಟರ್ ತೊಟ್ಟಿಗೆ ಗಂಟೆಗಟ್ಟಲೆ ಬೇಕಾಗುತ್ತಿತ್ತು. ಅದೃಷ್ಟಕ್ಕೆ ತಳದ ತೆಳು ಪದರ ಸಹಾಯಕ್ಕೆ ಬರುತ್ತದೆ. ತಳಕ್ಕೆ ಅಂಟಿದ ನೀರು ವೇಗ ಹಿಡಿದು ಹೊರಗಡೆಗೆ ಹರಿಯುತ್ತದೆ, ಅದರ ಜಾಗಕ್ಕೆ ಮೇಲಿನ ನೀರು ಇಳಿದು ಬರುತ್ತದೆ. ಹೀಗೆ ಒಳಗೆಲ್ಲ ಕಲಸಾಟ ನಡೆದು, ನಿಮಿಷಕ್ಕೆ 120 ಸುತ್ತಿನ ವೇಗದಲ್ಲಿ ಒಂದೂವರೆ ನಿಮಿಷದಷ್ಟರಲ್ಲಿ ಬಹುಪಾಲು ಕೆಲಸ ಮುಗಿಯುತ್ತದೆ. ನಾನು ಐದು ನಿಮಿಷ ಬಿಟ್ಟು ಅಳೆಯುತ್ತೇನೆ. ಒಂದು ಚಿಟಿಕೆ ಹಗುರ ಪುಡಿಯನ್ನು ನೀರಿನ ಮೇಲೆ ಉದುರಿಸಿದರೆ ಗೊತ್ತಾಗುತ್ತದೆ. ಪುಡಿಯ ಕಣಗಳು ಜಾಡಿಯ ಮೇಲೆ ಹಾಕಿದ ಗುರುತಿನ ಜೊತೆಜೊತೆಗೇ ಸುತ್ತುತ್ತಿದ್ದರೆ ನೀರು ಸ್ಥಿರವಾಗಿದೆ. ಹಿಂದೆ ಬೀಳುತ್ತಿದ್ದರೆ ಇನ್ನೂ ಕಾಯಬೇಕು.

## ಮೇಲ್ಮೈಯೇ ಒತ್ತಡದ ನಕ್ಷೆ

ನಿಂತ ನೀರಿನಲ್ಲಿ ಒತ್ತಡದ ನಿಯಮ ಸುಲಭ. ಒಂದು ಸೆಂಟಿಮೀಟರ್ ಕೆಳಗಿಳಿದರೆ 98 ಪ್ಯಾಸ್ಕಲ್ ಏರುತ್ತದೆ. ತಿರುಗುವ ನೀರಿನಲ್ಲೂ ಈ ನಿಯಮ ಹಾಗೇ ಇದೆ. ಯಾಕೆಂದರೆ ಹನಿ ವೃತ್ತದಲ್ಲಿ ಅಡ್ಡಕ್ಕೆ ಮಾತ್ರ ಓಡುತ್ತಿದೆ, ಮೇಲೆ ಕೆಳಗೆ ಅದಕ್ಕೆ ಚಲನೆಯೇ ಇಲ್ಲ. ಅದರ ತೂಕವನ್ನು ಹೊರುವ ವ್ಯವಸ್ಥೆ ನಿಂತ ನೀರಿನದೇ.

ಹಾಗಾದರೆ ತೊಟ್ಟಿಯ ಯಾವುದೇ ಬಿಂದುವಿನ ಒತ್ತಡ ಬೇಕಾದರೆ, ಆ ಬಿಂದುವಿನಿಂದ ನೇರ ಮೇಲಕ್ಕೆ ನೋಡಿ. ಅಲ್ಲಿಂದ ಮೇಲ್ಮೈವರೆಗೆ ಎಷ್ಟು ನೀರಿದೆಯೋ ಅಷ್ಟರ ಒತ್ತಡ. ಬೇರೇನೂ ಬೇಡ. 120 ಸುತ್ತಿನ ನಮ್ಮ ತೊಟ್ಟಿಯ ತಳದಲ್ಲಿ, ನಡುವೆ 21 ಸೆಂಟಿಮೀಟರ್ ನೀರು, ಹಾಗಾಗಿ 2055 ಪ್ಯಾಸ್ಕಲ್. ಗೋಡೆಯ ಬುಡದಲ್ಲಿ 39 ಸೆಂಟಿಮೀಟರ್, ಹಾಗಾಗಿ 3831. ತಿರುಗುವ ಮೊದಲು ತಳದ ಎಲ್ಲ ಕಡೆ 2943 ಇತ್ತು. ಆಗ ಹೇಳಿದ 71 ಶೇಕಡಾ ಉಂಗುರದ ಕೆಳಗೆ, ಅಂದರೆ ಅಕ್ಷದಿಂದ 10.6 ಸೆಂಟಿಮೀಟರ್ ದೂರದಲ್ಲಿ, ಈಗಲೂ 2943 ಇದೆ. ಒಳಗೆ ಕಡಿಮೆ, ಹೊರಗೆ ಜಾಸ್ತಿ. ತಳದ ಮೇಲೆ ಬೀಳುವ ಒಟ್ಟು ಭಾರ ಮಾತ್ರ ಬದಲಾಗಿಲ್ಲ. ನೀರಿನ ತೂಕ ಅಷ್ಟೇ ಇದೆಯಲ್ಲ.

ಒಂದೇ ಒತ್ತಡ ಇರುವ ಬಿಂದುಗಳನ್ನೆಲ್ಲ ಸೇರಿಸಿದರೂ ಮೇಲ್ಮೈಯಂಥದ್ದೇ ಬಟ್ಟಲು ಸಿಗುತ್ತದೆ. ಅದಕ್ಕಿಂತ ಕೆಳಗೆ ಇನ್ನೊಂದು, ಮತ್ತೊಂದು. ಒಂದರೊಳಗೊಂದು ಜೋಡಿಸಿಟ್ಟ ಒಂದೇ ಅಳತೆಯ ಬಟ್ಟಲುಗಳ ಹಾಗೆ. ತುಂಬಿದ ನೀರೊಳಗೆ ಬಿಟ್ಟ ಗಾಳಿಯ ಗುಳ್ಳೆ ಈ ಬಟ್ಟಲುಗಳನ್ನು ಅಡ್ಡಡ್ಡ ದಾಟುತ್ತಾ ಕಡಿಮೆ ಒತ್ತಡದ ಕಡೆಗೆ ಹೋಗುತ್ತದೆ. ಬರೀ ಮೇಲಕ್ಕಲ್ಲ, ಮೇಲಕ್ಕೆ ಮತ್ತು ಅಕ್ಷದ ಕಡೆಗೆ.

ಆಕಾರಕ್ಕೆ ದ್ರವ ಯಾವುದೆಂಬುದು ಬೇಡ ಎಂದೆ. ಒತ್ತಡಕ್ಕೆ ಬೇಕು. ನೀರಿನ ಬದಲು ಪಾದರಸ ಹಾಕಿದರೆ ಬಟ್ಟಲು ಅದೇ, ಒತ್ತಡ 13.6 ಪಟ್ಟು.

## ಮುಚ್ಚಳ ಬಿಗಿದಾಗ

ಈಗ ಅಕ್ಕನ ಮಗಳ ಪ್ರಶ್ನೆ. ಅದೇ ತೊಟ್ಟಿ, ಬಾಯಿವರೆಗೆ ನೀರು, ಮೇಲೆ ಚಪ್ಪಟೆ ಮುಚ್ಚಳ, ಮುಚ್ಚಳದ ನಡುವೆ ಒಂದು ಸಣ್ಣ ತೂತು. ನಿಮಿಷಕ್ಕೆ 120 ಸುತ್ತು. ಕಣ್ಣಿಗೆ ಏನೂ ಕಾಣುವುದಿಲ್ಲ. ಗುಳಿ ಇಲ್ಲ, ಏರಿಳಿತ ಇಲ್ಲ. ಆದರೆ ಒಳಗೆ ಹನಿಗಳು ವೃತ್ತದಲ್ಲೇ ಓಡುತ್ತಿವೆ, ಅವನ್ನು ಒಳಕ್ಕೆ ತಳ್ಳುವ ಕೆಲಸ ನಿಂತಿಲ್ಲ. ಪೇರಿಸಿಕೊಳ್ಳಲು ಜಾಗ ಇಲ್ಲದ ನೀರು ಆ ಒತ್ತಡವನ್ನು ಮುಚ್ಚಳಕ್ಕೆ ಒತ್ತಿ ಪಡೆಯುತ್ತದೆ.

ಎಷ್ಟು ಒತ್ತುತ್ತದೆ? ಮುಚ್ಚಳವನ್ನು ಮನಸ್ಸಿನಲ್ಲೇ ತೆಗೆದುಹಾಕಿ. ನಡುವಿನ ತೂತಿನಲ್ಲಿ ತುದಿ ಇರುವ ಹಾಗೆ, ಮುಚ್ಚಳದ ಮೇಲೆ ಅದೇ 18.1 ಸೆಂಟಿಮೀಟರ್ ಆಳದ ಬಟ್ಟಲನ್ನು ಕಲ್ಪಿಸಿಕೊಳ್ಳಿ. ಮುಚ್ಚಳಕ್ಕೂ ಆ ಕಲ್ಪಿತ ಮೇಲ್ಮೈಗೂ ನಡುವೆ ಇರಬೇಕಾಗಿದ್ದ ನೀರು ಎಷ್ಟೋ, ಮುಚ್ಚಳ ಮೇಲಕ್ಕೆ ತಳ್ಳಿಸಿಕೊಳ್ಳುವ ಬಲ ಅದರ ತೂಕದಷ್ಟು. ತೂತಿನ ಹತ್ತಿರ ಹೊರಗಿನ ಗಾಳಿಯಷ್ಟೇ ಒತ್ತಡ, ಅಂಚಿನಲ್ಲಿ ಅದಕ್ಕಿಂತ 1776 ಪ್ಯಾಸ್ಕಲ್ ಜಾಸ್ತಿ. ಕಲ್ಪಿತ ನೀರು 6.4 ಲೀಟರ್. ಅಂದರೆ ಮುಚ್ಚಳವನ್ನು ಮೇಲಕ್ಕೆತ್ತುವ ಬಲ 6.4 ಕೆಜಿಯ ಭಾರಕ್ಕೆ ಸಮ, ಸುಮಾರು 63 ನ್ಯೂಟನ್.

ಸಣ್ಣದು ಅನ್ನಿಸಬಹುದು. ವೇಗ ದುಪ್ಪಟ್ಟು ಮಾಡಿದರೆ ನಾಲ್ಕು ಪಟ್ಟಾಗುತ್ತದೆ. ವೇಗ ಹಾಗೇ ಇಟ್ಟು ತ್ರಿಜ್ಯ ದುಪ್ಪಟ್ಟು ಮಾಡಿದರೆ ಹದಿನಾರು ಪಟ್ಟು. 60 ಸೆಂಟಿಮೀಟರ್ ಅಗಲದ ತೊಟ್ಟಿಯ ಮುಚ್ಚಳವನ್ನು ಅದೇ 120 ಸುತ್ತಿಗೆ ನೂರು ಕೆಜಿಗೂ ಮೀರಿದ ಭಾರ ಒಳಗಿನಿಂದ ಎತ್ತುತ್ತಿರುತ್ತದೆ. ಆ ಒತ್ತಡ ಅಂಚಿನ ಕಡೆಗೇ ಜಾಸ್ತಿ ಇರುವುದರಿಂದ, ಸಡಿಲ ಮುಚ್ಚಳ ಮೊದಲು ಸೋರುವುದೂ ಅಂಚಿನಲ್ಲೇ.

"ತೂತೇ ಇಲ್ದಿದ್ರೆ?" ಎಂದು ಕೇಳಿದಳು. ಎಷ್ಟೇ ಜೋಪಾನವಾಗಿ ತುಂಬಿದರೂ ಒಂದು ಗುಳ್ಳೆ ಉಳಿದೇ ಉಳಿಯುತ್ತದೆ. ಅದು ಓಡಿಬಂದು ಮುಚ್ಚಳದ ನಡುವೆ ಕೂರುತ್ತದೆ. ನೀರು ಹಿಗ್ಗುವುದಿಲ್ಲ, ತೊಟ್ಟಿಯೂ ಹಿಗ್ಗುವುದಿಲ್ಲ ಎಂದುಕೊಂಡರೆ ಗುಳ್ಳೆಯ ಗಾತ್ರ ಮೊದಲಿನಷ್ಟೇ, ಒತ್ತಡವೂ ಮೊದಲಿನಷ್ಟೇ. ಅಲ್ಲಿಂದ ಹೊರಗೆ ಲೆಕ್ಕ ತೂತು ಇದ್ದ ಹಾಗೆಯೇ. ಪಾರದರ್ಶಕ ಮುಚ್ಚಳ ಇದ್ದರೆ ಆ ಗುಳ್ಳೆ ನಡುವಿಗೆ ಬಂದು ನಿಲ್ಲುವುದನ್ನು ಕಣ್ಣಾರೆ ನೋಡಬಹುದು. ಒತ್ತಡ ಬದಲಾಗಿದೆ ಎನ್ನುವುದಕ್ಕೆ ಬೇರೆ ಮೀಟರ್ ಬೇಕಿಲ್ಲ.

ತೂತು ನಡುವಿನಲ್ಲಿ ಇಲ್ಲದೆ ಅಂಚಿನಲ್ಲಿದ್ದರೆ ಕಥೆ ತಿರುಗಿಬೀಳುತ್ತದೆ. ಅಂಚಿನ ತೂತಿಗೆ ಸಣ್ಣ ನೆಟ್ಟನೆ ಕೊಳವೆ ಇಟ್ಟು ಅದರಲ್ಲೂ ಒಂಚೂರು ನೀರು ನಿಲ್ಲಿಸಿದ್ದೇವೆ ಎನ್ನಿ. ಈಗ ಹೊರಗಿನ ಗಾಳಿಯ ಒತ್ತಡ ಹೆಚ್ಚುಕಡಿಮೆ ಅಂಚಿನಲ್ಲಿದೆ. ನಡುವೆ ಅದಕ್ಕಿಂತ 1776 ಪ್ಯಾಸ್ಕಲ್ ಕಡಿಮೆ. ಕಲ್ಪಿತ ಬಟ್ಟಲಿನ ಅಂಚು ಮುಚ್ಚಳದ ಮಟ್ಟದಲ್ಲಿ, ತುದಿ ನೀರೊಳಗೆ. ಅದೇ 63 ನ್ಯೂಟನ್ ಈಗ ಮುಚ್ಚಳವನ್ನು ಕೆಳಕ್ಕೆ ಅದುಮುತ್ತದೆ. ಅದೇ ತೊಟ್ಟಿ, ಅದೇ ನೀರು, ಅದೇ ವೇಗ. ತೂತಿನ ಜಾಗ ಬದಲಾಯಿಸಿದ್ದಕ್ಕೆ ಬಲದ ದಿಕ್ಕೇ ಬದಲಾಯಿತು.

"ಹಾಗಾದ್ರೆ ಕೊಳವೆ ಇಲ್ದೆ ಬರೀ ತೂತು ಬಿಟ್ರೆ?" ಅವಳ ಕೊನೆಯ ಪ್ರಶ್ನೆ. ಗಾಳಿ ಒಳಗೆ ನುಗ್ಗುತ್ತದೆ, ಅಷ್ಟೇ ನೀರು ಹೊರಗೆ ಚೆಲ್ಲುತ್ತದೆ. ಒಳಬಂದ ಗಾಳಿ ಸೀದಾ ನಡುವಿಗೆ ಹೋಗಿ, ಮುಚ್ಚಳದ ಕೆಳಗೆ ಪರವಲಯದ ಬಟ್ಟಲನ್ನು ಕಟ್ಟಲು ಶುರುಮಾಡುತ್ತದೆ.